‘ಬೆಟ್ಟದಿಂದ’ ಯಾವ ವಿಭಕ್ತಿ? ವ್ಯಾಕರಣದ ಒಂದು ಅಂಕದ ಬಗ್ಗೆ ಶಿಕ್ಷಕರಿಗೆ ಪತ್ರ ಬರೆಯುವ ಕ್ರಮ

ಕನ್ನಡ ವ್ಯಾಕರಣದ ಒಂದು ಅಂಕದ ಪ್ರಶ್ನೆಗಳಲ್ಲಿ ಕೆಲವು ಹೀಗಿರುತ್ತವೆ: ಮಕ್ಕಳು ಎರಡು ಉತ್ತರ ಬರೆದಿರುತ್ತಾರೆ, ಎರಡಕ್ಕೂ ಪುಸ್ತಕದಲ್ಲೇ ಆಧಾರ ಇರುತ್ತದೆ, ಆದರೆ ಉತ್ತರಸೂಚಿಯಲ್ಲಿ ಇರುವುದು ಒಂದೇ. ಅಂಕ ಹೋದವರು ತರಗತಿಯಲ್ಲೇ ಎದ್ದು ನಿಂತು ‘ಮೇಡಂ, ಬುಕ್ಕಲ್ಲಿ ಹಾಗೇ ಇದೆ’ ಎಂದರೆ ಅದು ವಾದವಾಗುತ್ತದೆ, ನಲವತ್ತು ಮಕ್ಕಳ ಮುಂದೆ ಯಾರೂ ಬಿಟ್ಟುಕೊಡುವುದಿಲ್ಲ. ಅದನ್ನೇ ಒಂದು ಪುಟದ ಪತ್ರದಲ್ಲಿ ಬರೆದುಕೊಟ್ಟರೆ ಶಿಕ್ಷಕರು ಸ್ಟಾಫ್ ರೂಮಿನಲ್ಲಿ ಕೂತು ಪುಸ್ತಕ ತೆಗೆದು ನೋಡುತ್ತಾರೆ. ಆ ಪತ್ರವನ್ನು ಹೇಗೆ ಕಟ್ಟಬೇಕು ಎನ್ನುವುದನ್ನು ಇಲ್ಲಿ ಒಂದೇ ಉದಾಹರಣೆ ಹಿಡಿದು ಕೊನೆಯವರೆಗೆ ನೋಡೋಣ.

ಉದಾಹರಣೆ ಇದು. ಮಡಿಕೇರಿ ಕಡೆಯ ಒಂದು ಪ್ರೌಢಶಾಲೆ, 9ನೇ ತರಗತಿ, ಜುಲೈ ತಿಂಗಳ ಘಟಕ ಪರೀಕ್ಷೆ. 7ನೇ ಪ್ರಶ್ನೆ: ‘ಗೆರೆ ಎಳೆದ ಪದದಲ್ಲಿರುವ ವಿಭಕ್ತಿಯನ್ನು ಹೆಸರಿಸಿ. ಕಾವೇರಿ ನದಿಯು ಬ್ರಹ್ಮಗಿರಿ ಬೆಟ್ಟದಿಂದ ಇಳಿದು ಭಾಗಮಂಡಲಕ್ಕೆ ಬರುತ್ತದೆ.’ ಗೆರೆ ಎಳೆದದ್ದು ‘ಬೆಟ್ಟದಿಂದ’ ಎಂಬ ಪದಕ್ಕೆ. ವಿದ್ಯಾರ್ಥಿನಿ ಬರೆದದ್ದು ‘ತೃತೀಯಾ’. ಮೇಡಂ ಅದನ್ನು ಹೊಡೆದು ಪಕ್ಕದಲ್ಲಿ ‘ಪಂಚಮೀ’ ಎಂದು ಬರೆದಿದ್ದಾರೆ.

ಪತ್ರ ಬೇಕೇ ಎಂದು ಮೊದಲು ನೋಡಿ

ಹೋದ ಅಂಕಕ್ಕೆಲ್ಲ ಪತ್ರ ಬೇಕಾಗಿಲ್ಲ. ಅಂಕಗಳನ್ನು ಕೂಡುವಾಗ ತಪ್ಪಾಗಿದ್ದರೆ ಮೇಜಿನ ಹತ್ತಿರ ಹೋಗಿ ತೋರಿಸಿದರೆ ಸಾಕು, ಅರ್ಧ ನಿಮಿಷದ ಕೆಲಸ. ಅಕ್ಷರ ಸರಿಯಾಗಿ ಕಾಣದೆ ಅಂಕ ಹೋಗಿದ್ದರೂ ಬಾಯಿಮಾತಿನಲ್ಲೇ ಕೇಳಬಹುದು. ಆದರೆ ಬೇರೆಯವರು ಓದಲಾರದಂತೆ ಬರೆದಿದ್ದರೆ ಅಲ್ಲಿ ವಾದಕ್ಕೆ ಜಾಗವಿಲ್ಲ. ಪ್ರಶ್ನೆಯನ್ನೇ ತಪ್ಪಾಗಿ ಓದಿಕೊಂಡಿದ್ದರೆ ಸುಮ್ಮನಿರುವುದೇ ಸರಿ. ಸಂಧಿ ಕೇಳಿದ ಕಡೆ ಸಮಾಸ ಬರೆದವರು ಪ್ರತಿ ತರಗತಿಯಲ್ಲೂ ಇಬ್ಬರು ಮೂವರು ಇರುತ್ತಾರೆ. ‘ಮಳೆಗಾಲ’ಕ್ಕೆ ಸಂಧಿ ಕೇಳಿದರೆ ಆದೇಶ, ಸಮಾಸ ಕೇಳಿದರೆ ತತ್ಪುರುಷ. ಎರಡೂ ನಿಜ, ಕೇಳಿದ್ದು ಮಾತ್ರ ಒಂದು.

ಪತ್ರ ಬೇಕಾಗುವುದು ಪ್ರಶ್ನೆಯ ಮಾತುಗಳನ್ನು ಇದ್ದ ಹಾಗೇ ಓದಿದಾಗಲೂ ಎರಡು ಉತ್ತರಕ್ಕೆ ದಾರಿ ಇದ್ದರೆ ಮಾತ್ರ. ಅದನ್ನು ತಿಳಿಯಲು ಪ್ರಶ್ನೆಪತ್ರಿಕೆಯನ್ನು ಮುಂದಿಟ್ಟುಕೊಂಡು ಪ್ರಶ್ನೆಯನ್ನು ಅಕ್ಷರ ಬಿಡದೆ ಬೇರೆ ಹಾಳೆಗೆ ನಕಲು ಮಾಡಿ. ನೆನಪಿನಿಂದ ಬರೆಯಬೇಡಿ. ‘ವಿಭಕ್ತಿ ಪ್ರತ್ಯಯವನ್ನು ಗುರುತಿಸಿ’ ಎಂದಿದೆಯೋ, ‘ವಿಭಕ್ತಿಯನ್ನು ಹೆಸರಿಸಿ’ ಎಂದಿದೆಯೋ, ‘ಕಾರಕಾರ್ಥವನ್ನು ತಿಳಿಸಿ’ ಎಂದಿದೆಯೋ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಮೊದಲನೆಯದಕ್ಕೆ ‘ಇಂದ’ ಎಂದರೆ ಮುಗಿಯಿತು. ಮೂರನೆಯದಕ್ಕೆ ‘ಅಪಾದಾನ’ ಎನ್ನಬೇಕು. ನಡುವಿನದು ಎರಡೂ ಕಡೆ ವಾಲುತ್ತದೆ. ನಮ್ಮ ಪ್ರಶ್ನೆಯಲ್ಲಿ ಇರುವುದು ಆ ನಡುವಿನದೇ.

ಎರಡು ಉತ್ತರಗಳು ಎಲ್ಲಿ ಬೇರೆಯಾಗುತ್ತವೆ

ಪತ್ರದ ಜೀವ ಇರುವುದು ಇಲ್ಲಿ. ಬಹಳ ಮಕ್ಕಳು ತಮ್ಮ ಉತ್ತರ ಯಾಕೆ ಸರಿ ಎಂದಷ್ಟೇ ಹುಡುಕುತ್ತಾರೆ. ಮೇಡಂ ಬರೆದ ಉತ್ತರ ಯಾಕೆ ಸರಿ ಎನ್ನುವುದನ್ನೂ ಹುಡುಕಬೇಕು, ಅದೂ ಮೊದಲು.

ಪದವನ್ನು ಬಿಡಿಸಿ. ಬೆಟ್ಟ ಎನ್ನುವುದು ನಾಮಪ್ರಕೃತಿ, ಇಂದ ಎನ್ನುವುದು ಪ್ರತ್ಯಯ, ನಡುವೆ ಬಂದ ದ ಆಗಮ. ಶಾಲೆಯ ವ್ಯಾಕರಣದಲ್ಲಿ ಬರುವ ಹೊಸಗನ್ನಡದ ಪಟ್ಟಿ ಎಲ್ಲರಿಗೂ ಬಾಯಿಪಾಠ: ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ, ಚತುರ್ಥೀ ಗೆ, ಇಗೆ, ಕ್ಕೆ, ಪಂಚಮೀ ದೆಸೆಯಿಂದ, ಷಷ್ಠೀ ಅ, ಸಪ್ತಮೀ ಅಲ್ಲಿ. ಈ ಪಟ್ಟಿಯ ಪ್ರಕಾರ ‘ಇಂದ’ ಕಂಡರೆ ತೃತೀಯಾ. ವಿದ್ಯಾರ್ಥಿನಿ ಹೋದದ್ದು ಈ ದಾರಿಯಲ್ಲಿ.

ಮೇಡಂ ಹೋದ ದಾರಿ ಅರ್ಥದ್ದು. ನದಿ ಬೆಟ್ಟವನ್ನು ಬಿಟ್ಟು ಕೆಳಗೆ ಬರುತ್ತದೆ. ಒಂದರಿಂದ ಇನ್ನೊಂದು ಅಗಲುವುದು ಅಪಾದಾನ, ಅಪಾದಾನದ ವಿಭಕ್ತಿ ಪಂಚಮೀ. ಇದು ನೆಲವಿಲ್ಲದ ಮಾತಲ್ಲ. ಪರೀಕ್ಷಿಸಲು ‘ಇಂದ’ ಇರುವ ಕಡೆ ‘ದೆಸೆಯಿಂದ’ ಹಾಕಿ ನೋಡಿ: ‘ಬ್ರಹ್ಮಗಿರಿ ಬೆಟ್ಟದ ದೆಸೆಯಿಂದ ಇಳಿದು’. ಯಾರೂ ಹೀಗೆ ಮಾತಾಡುವುದಿಲ್ಲ, ಆದರೆ ಅರ್ಥ ಕೆಡಲಿಲ್ಲ.

ಇದೇ ಪರೀಕ್ಷೆಯನ್ನು ಇನ್ನೂ ಮೂರು ವಾಕ್ಯಗಳ ಜೊತೆ ಇಟ್ಟರೆ ವಿಷಯ ತಿಳಿಯಾಗುತ್ತದೆ. ಕಾಫಿ ತೋಟದ ಮಾತನ್ನೇ ತೆಗೆದುಕೊಳ್ಳಿ. ‘ಗಿಡದಿಂದ ಕಾಯಿ ಉದುರಿತು’, ‘ಮಳೆಯಿಂದ ಕಾಯಿ ಉದುರಿತು’, ‘ಕೋಲಿನಿಂದ ಕಾಯಿ ಉದುರಿಸಿದರು’. ಮೂರರಲ್ಲೂ ಇರುವುದು ಅದೇ ‘ಇಂದ’. ಮೊದಲನೆಯದರಲ್ಲಿ ಕಾಯಿ ಗಿಡವನ್ನು ಅಗಲಿತು, ಅದು ಅಪಾದಾನ. ಎರಡನೆಯದರಲ್ಲಿ ಮಳೆ ಕಾರಣ. ಮೂರನೆಯದರಲ್ಲಿ ಕೋಲು ಸಾಧನ, ಅಂದರೆ ಕರಣ. ಮೂರನೆಯದರಲ್ಲಿ ‘ಕೋಲಿನ ದೆಸೆಯಿಂದ ಉದುರಿಸಿದರು’ ಎಂದರೆ ಕಿವಿಗೇ ಒಗ್ಗುವುದಿಲ್ಲ. ಎರಡನೆಯದರಲ್ಲಿ ‘ಮಳೆಯ ದೆಸೆಯಿಂದ’ ನಿಲ್ಲುತ್ತದೆ, ಆದರೆ ‘ಮಳೆಯ ಕಾರಣದಿಂದ’ ಎಂಬ ಅರ್ಥದಲ್ಲಿ. ಹಾಗಾಗಿ ಈ ಪರೀಕ್ಷೆಯೊಂದನ್ನೇ ನಂಬಿ ಪಂಚಮೀ ಎಂದು ತೀರ್ಮಾನಿಸಲೂ ಆಗದು. ಅಗಲಿಕೆ ಇದೆಯೇ ಎಂದು ಬೇರೆಯಾಗಿ ಕೇಳಿಕೊಳ್ಳಬೇಕು. ಬೆಟ್ಟ ಮತ್ತು ನದಿಯ ವಾಕ್ಯದಲ್ಲಿ ಅದು ಖಂಡಿತ ಇದೆ.

ಇನ್ನೊಂದು ಮುಖ್ಯ ಸಂಗತಿ ‘ವಿಭಕ್ತಿ ಪಲ್ಲಟ’. ಒಂದು ವಿಭಕ್ತಿಯ ಪ್ರತ್ಯಯ ಬರಬೇಕಾದ ಕಡೆ ಇನ್ನೊಂದರ ಪ್ರತ್ಯಯ ಬರುವುದಕ್ಕೆ ಕನ್ನಡ ವ್ಯಾಕರಣದಲ್ಲಿ ಈ ಹೆಸರಿದೆ. ಪಂಚಮಿಯ ಜಾಗಕ್ಕೆ ತೃತೀಯಾ ಬರುವುದು ಅದರಲ್ಲಿ ತೀರಾ ಸಾಮಾನ್ಯವಾದ ಬಗೆ: ‘ಮರದ ದೆಸೆಯಿಂದ ಹಣ್ಣು ಬಿದ್ದಿತು’ ಎನ್ನುವ ಬದಲು ‘ಮರದಿಂದ ಹಣ್ಣು ಬಿದ್ದಿತು’ ಎನ್ನುತ್ತೇವೆ. ಅಂದರೆ ನಮ್ಮ ವಾಕ್ಯದಲ್ಲಿ ಅರ್ಥ ಪಂಚಮಿಯದು, ಪ್ರತ್ಯಯ ತೃತೀಯೆಯದು. ವಿದ್ಯಾರ್ಥಿನಿ ಪ್ರತ್ಯಯವನ್ನು ನೋಡಿದಳು, ಮೇಡಂ ಅರ್ಥವನ್ನು ನೋಡಿದರು. ತಗಾದೆ ಇಷ್ಟೇ. ಪತ್ರದಲ್ಲಿ ಕೇಳಬೇಕಾದದ್ದೂ ಇಷ್ಟನ್ನೇ: ಈ ಪ್ರಶ್ನೆಯಲ್ಲಿ ಪ್ರತ್ಯಯವನ್ನು ನೋಡಬೇಕಿತ್ತೋ, ಅರ್ಥವನ್ನು ನೋಡಬೇಕಿತ್ತೋ?

(ಈ ಗೊಂದಲ ಇಂದಿನದಲ್ಲ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಪಂಚಮಿಗೆ ‘ಅತ್ತಣಿಂ’ ಎಂಬ ಪ್ರತ್ಯಯವನ್ನು ಹೇಳುತ್ತಾನೆ. ಅದರ ಕೊನೆಯಲ್ಲೂ ತೃತೀಯೆಯ ‘ಇಂ’ ಕಾಣುತ್ತದೆ, ಹೊಸಗನ್ನಡದ ‘ದೆಸೆಯಿಂದ’ದ ಕೊನೆಯಲ್ಲಿ ‘ಇಂದ’ ಕಾಣುವ ಹಾಗೆಯೇ. ಕನ್ನಡದಲ್ಲಿ ಪಂಚಮೀ ಎಂಬ ಬೇರೆ ವಿಭಕ್ತಿ ಬೇಕೇ ಎಂದು ವಿದ್ವಾಂಸರು ಕೇಳಿದ್ದು ಇದಕ್ಕೇ. ಇದನ್ನು ತಿಳಿದಿರುವುದು ಒಳ್ಳೆಯದು, ಪತ್ರದಲ್ಲಿ ಬರೆಯುವುದು ಬೇಡ. ಒಂದು ಅಂಕಕ್ಕೆ ಕೇಶಿರಾಜನನ್ನು ಕರೆತಂದರೆ ಓದುವವರಿಗೆ ಜಂಭ ಕಾಣುತ್ತದೆ.)

ಆಧಾರ ಯಾವುದು, ಎಷ್ಟು

ಒಂದು ಪತ್ರಕ್ಕೆ ಒಂದು ಆಧಾರ, ಹೆಚ್ಚೆಂದರೆ ಎರಡು. ಮೊದಲ ಆಧಾರ ಆ ತರಗತಿಗೆ ನಿಗದಿಯಾದ ಪಠ್ಯಪುಸ್ತಕವೇ ಆಗಿರಬೇಕು, ಪುಟದ ಸಂಖ್ಯೆಯ ಸಮೇತ. ವಿಭಕ್ತಿಯ ಪಟ್ಟಿ ನಿಮ್ಮ ಈ ವರ್ಷದ ಪುಸ್ತಕದಲ್ಲಿ ಇಲ್ಲದಿದ್ದರೆ ಹಿಂದಿನ ತರಗತಿಯ ಪುಸ್ತಕದಲ್ಲಿ ನೋಡಿ, ಮತ್ತು ಯಾವ ತರಗತಿಯದು ಎಂದು ಪತ್ರದಲ್ಲಿ ಹೇಳಿ.

ಎರಡನೆಯದು ತರಗತಿಯಲ್ಲಿ ಬರೆಸಿದ ಟಿಪ್ಪಣಿ. ಇದು ಬಲವಾದ ಆಧಾರ, ಆದರೆ ಎಚ್ಚರದಿಂದ ಬಳಸಬೇಕಾದದ್ದು. ‘ನೀವೇ ಹೀಗೆ ಬರೆಸಿದ್ದೀರಿ’ ಎಂದರೆ ಹಿಡಿದು ಹಾಕಿದಂತಾಗುತ್ತದೆ. ‘ಜೂನ್ ತಿಂಗಳ ಟಿಪ್ಪಣಿಯಲ್ಲಿ ಇಂದ ಪ್ರತ್ಯಯವನ್ನು ತೃತೀಯಾ ವಿಭಕ್ತಿಯಲ್ಲಿ ಬರೆದುಕೊಂಡಿದ್ದೇನೆ’ ಎಂದರೆ ಅದೇ ಮಾತು, ಕೊಕ್ಕೆ ಇಲ್ಲ. ನೀವು ಬರೆದುಕೊಳ್ಳುವಾಗ ತಪ್ಪಿರಬಹುದು ಎನ್ನುವುದಕ್ಕೂ ಅದರಲ್ಲಿ ಜಾಗ ಉಳಿಯುತ್ತದೆ.

ಅಂಗಡಿಯಲ್ಲಿ ಸಿಗುವ ಗೈಡು, ಮೊಬೈಲಿನಲ್ಲಿ ಸಿಕ್ಕ ಪುಟ, ಟ್ಯೂಷನ್‌ನಲ್ಲಿ ಹೇಳಿಕೊಟ್ಟದ್ದು, ಇವನ್ನು ಪತ್ರಕ್ಕೆ ತರಬೇಡಿ. ‘ಟ್ಯೂಷನ್ ಸರ್ ಇದೇ ಸರಿ ಎಂದರು’ ಎಂಬ ಒಂದು ಸಾಲು ಇಡೀ ಪತ್ರವನ್ನು ಕೆಡಿಸುತ್ತದೆ. ಆಮೇಲೆ ವಿಷಯ ವಿಭಕ್ತಿಯದಾಗಿ ಉಳಿಯುವುದಿಲ್ಲ, ಯಾರ ಮಾತು ಮೇಲು ಎನ್ನುವುದಾಗುತ್ತದೆ. ಪಕ್ಕದವರ ಉತ್ತರಪತ್ರಿಕೆಯನ್ನೂ ಆಧಾರವಾಗಿ ತೋರಿಸಬೇಡಿ. ಅವರಿಗೆ ಸಿಕ್ಕ ಅಂಕ ಹೋಗುವ ಸಾಧ್ಯತೆಯೂ ಇದೆ, ಸ್ನೇಹವೂ ಹೋಗುತ್ತದೆ.

ಕೊಡಗಿನ ಮಕ್ಕಳಿಗೆ ಇನ್ನೊಂದು ಮಾತು. ಇಲ್ಲಿ ಒಂದೇ ಬೆಂಚಿನಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಮನೆಮಾತಾಗಿರುವವರು ಕೂತಿರುತ್ತಾರೆ. ‘ನಮ್ಮ ಮನೆಯಲ್ಲಿ ಹೀಗೇ ಹೇಳುತ್ತೇವೆ’ ಎನ್ನುವುದು ಪರೀಕ್ಷೆಯ ವ್ಯಾಕರಣಕ್ಕೆ ಆಧಾರವಾಗುವುದಿಲ್ಲ. ಅರೆಭಾಷೆಯಂಥ ಮಾತು ಕನ್ನಡಕ್ಕೆ ಎಷ್ಟು ಹತ್ತಿರವಿದ್ದರೂ ಪರೀಕ್ಷೆ ಕೇಳುವುದು ಗ್ರಂಥದ ಕನ್ನಡವನ್ನು.

ಕರಡು ಬರೆದು ತಿದ್ದುವುದು

ಮೊದಲ ಕರಡು ಹೆಚ್ಚಾಗಿ ಹೀಗಿರುತ್ತದೆ:

‘ಮೇಡಂ, ದಯವಿಟ್ಟು ಕ್ಷಮಿಸಿ. ನೀವು ನನ್ನ 7ನೇ ಉತ್ತರಕ್ಕೆ ಅಂಕ ಕೊಟ್ಟಿಲ್ಲ. ಆದರೆ ನನ್ನ ಉತ್ತರ ಸರಿಯಾಗಿಯೇ ಇದೆ. ಪಠ್ಯಪುಸ್ತಕದಲ್ಲಿ ಇಂದ ಎಂದರೆ ತೃತೀಯಾ ಎಂದು ಸ್ಪಷ್ಟವಾಗಿ ಇದೆ. ತಾವು ಪಂಚಮೀ ಎಂದು ತಪ್ಪಾಗಿ ತಿದ್ದಿದ್ದೀರಿ. ಆದ್ದರಿಂದ ನನಗೆ ಒಂದು ಅಂಕ ಕೊಡಬೇಕು.’

ಒರಟಾಗಿ ಬರೆಯಬೇಕೆಂದು ಇದನ್ನು ಯಾರೂ ಬರೆದದ್ದಲ್ಲ. ಕೆಟ್ಟಿರುವುದು ವಾಕ್ಯಗಳ ಕಟ್ಟು. ಒಂದೊಂದಾಗಿ ನೋಡೋಣ.

‘ಕ್ಷಮಿಸಿ’ ಎಂದು ಶುರು ಮಾಡಿ ಮುಂದಿನ ಸಾಲಿನಲ್ಲೇ ‘ಕೊಟ್ಟಿಲ್ಲ’ ಎಂದರೆ ಕ್ಷಮೆ ಬಾಯಿಮಾತು ಎಂದು ಗೊತ್ತಾಗುತ್ತದೆ. ಸಂದೇಹ ಕೇಳುವುದು ತಪ್ಪಲ್ಲ, ಅದಕ್ಕೆ ಕ್ಷಮೆ ಬೇಕಾಗಿಲ್ಲ. ‘ದಯವಿಟ್ಟು’ ಪತ್ರದಲ್ಲಿ ಒಂದು ಸಲ ಬಂದರೆ ಸಾಕು, ಅದೂ ಕೊನೆಯ ಕೋರಿಕೆಯಲ್ಲಿ.

‘ನೀವು ಅಂಕ ಕೊಟ್ಟಿಲ್ಲ’ ಎಂಬ ವಾಕ್ಯದ ಕರ್ತೃ ಮೇಡಂ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ಹೇಳುವ ಸೌಕರ್ಯ ಇದೆ: ‘ಈ ಉತ್ತರಕ್ಕೆ ಅಂಕ ಬಂದಿಲ್ಲ’, ‘ಸರಿಯುತ್ತರ ಪಂಚಮೀ ಎಂದು ತಿದ್ದಲಾಗಿದೆ’. ಸಂದೇಹದ ಮಾತು ಬಂದಾಗ ‘ನನಗೆ’ ಎಂದು ಶುರುಮಾಡಿ: ‘ನನಗೆ ಒಂದು ಸಂದೇಹ ಉಳಿದಿದೆ’. ಸಂದೇಹ ಇರುವುದು ನಿಮ್ಮಲ್ಲಿ ಎಂದಾಯಿತು, ತಪ್ಪು ಯಾರದು ಎಂಬ ಮಾತೇ ಬರಲಿಲ್ಲ.

‘ಆದರೆ’ಯ ಜಾಗ ನೋಡಿ. ‘ತಾವು ಪಂಚಮೀ ಎಂದಿದ್ದೀರಿ, ಆದರೆ ಪುಸ್ತಕದಲ್ಲಿ ತೃತೀಯಾ ಇದೆ’ ಎಂದರೆ ಭಾರವೆಲ್ಲ ಕೊನೆಗೆ ಬಿದ್ದು ಮೇಡಂ ಸೋತಂತಾಗುತ್ತದೆ. ‘ಪುಸ್ತಕದ ಪಟ್ಟಿಯಲ್ಲಿ ಇಂದ ತೃತೀಯೆಯಲ್ಲಿದೆ, ಆದರೆ ವಾಕ್ಯದ ಅರ್ಥ ಅಪಾದಾನದ್ದು ಎಂದೂ ತೋರುತ್ತದೆ’ ಎಂದು ತಿರುಗಿಸಿದರೆ ಎರಡೂ ಪಕ್ಷ ಇದ್ದಂತಾಯಿತು. ನಿಮ್ಮ ಪಕ್ಷ ಮೊದಲು, ಅವರ ಪಕ್ಷ ಆಮೇಲೆ. ಈ ಒಂದು ಬದಲಾವಣೆ ಹತ್ತು ‘ದಯವಿಟ್ಟು’ಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಈ ಕರಡಿನಲ್ಲಿ ‘ನೀವು’ ಮತ್ತು ‘ತಾವು’ ಬೆರೆತಿವೆ. ಮಾತಿನಲ್ಲಿ ಮೇಡಂಗೆ ‘ನೀವು’ ಎನ್ನುವುದೇ ವಾಡಿಕೆ, ಅದರಲ್ಲಿ ಅಗೌರವ ಇಲ್ಲ. ಶಾಲೆಯಲ್ಲಿ ಕಲಿಸುವ ಮನವಿ ಪತ್ರದ ಮಾದರಿಯಲ್ಲಿ ‘ತಾವು’ ಬರುತ್ತದೆ. ಯಾವುದನ್ನೇ ಹಿಡಿದರೂ ಕೊನೆಯವರೆಗೆ ಅದನ್ನೇ ಹಿಡಿಯಿರಿ. ಕನ್ನಡ ಶಿಕ್ಷಕರ ಕಣ್ಣು ಮೊದಲು ಬೀಳುವುದು ಇಂಥಲ್ಲಿ. ವ್ಯಾಕರಣದ ಬಗ್ಗೆ ಬರೆದ ಪತ್ರದಲ್ಲೇ ಕಾಗುಣಿತ ತಪ್ಪಿದರೆ ವಾದ ಅರ್ಧ ಬಿದ್ದಂತೆ. ‘ತೃತೀಯಾ’ವನ್ನು ‘ತ್ರುತೀಯಾ’ ಎಂದೂ, ‘ವಿಭಕ್ತಿ’ಯನ್ನು ‘ವಿಬಕ್ತಿ’ ಎಂದೂ, ‘ಪಂಚಮೀ’ಯನ್ನು ಒಂದು ಕಡೆ ದೀರ್ಘ ಇನ್ನೊಂದು ಕಡೆ ಹ್ರಸ್ವ ಎಂದೂ ಬರೆಯುವವರು ಬಹಳ.

ಕೊನೆಯದು ಕೋರಿಕೆ. ‘ಅಂಕ ಕೊಡಬೇಕು’ ಎಂದರೆ ಉತ್ತರ ಹೌದು ಅಥವಾ ಇಲ್ಲ, ಎರಡರಲ್ಲೊಂದು. ‘ಈ ಪ್ರಶ್ನೆಯಲ್ಲಿ ಯಾವುದನ್ನು ನೋಡಿ ಉತ್ತರಿಸಬೇಕಿತ್ತು’ ಎಂದು ಕೇಳಿದರೆ ಅವರು ವಿವರಿಸಲೇಬೇಕು. ಅಂಕದ ಮಾತನ್ನು ಪೂರ್ತಿ ಮುಚ್ಚಿಡಲೂ ಬೇಡಿ. ನಿಮಗೆ ಬೇಕಿರುವುದು ಅದೂ ಹೌದು, ಓದುವವರಿಗೂ ಅದು ಗೊತ್ತು. ‘ಎರಡು ಉತ್ತರಗಳನ್ನೂ ಒಪ್ಪಲು ಅವಕಾಶವಿದ್ದರೆ ಪರಿಶೀಲಿಸಬೇಕಾಗಿ ವಿನಂತಿ’ ಎಂದು ಒಂದೇ ಸಾಲಿನಲ್ಲಿ ಹೇಳಿ ಬಿಡಿ.

ತಿದ್ದಿದ ಪತ್ರ

ಗೆರೆಯಿರುವ ಫುಲ್‌ಸ್ಕೇಪ್ ಹಾಳೆಯ ಒಂದೇ ಬದಿಯಲ್ಲಿ ಮುಗಿಯಬೇಕು. ಒಕ್ಕಣೆ ಎಂಟೊಂಬತ್ತು ವಾಕ್ಯ ದಾಟದಿರಲಿ. ಇಂದ, ಗೆ, ವಿಷಯ ಎಲ್ಲ ಶಾಲೆಯಲ್ಲಿ ಕಲಿತ ಕ್ರಮದಲ್ಲೇ ಇರಲಿ, ಅಲ್ಲಿ ಹೊಸತನ ಬೇಡ.

ಸ್ಥಳ: ಮಡಿಕೇರಿ
ದಿನಾಂಕ: ............

ಇಂದ,
(ವಿದ್ಯಾರ್ಥಿನಿಯ ಹೆಸರು)
9ನೇ ತರಗತಿ, ‘ಬಿ’ ವಿಭಾಗ, ಕ್ರಮಸಂಖ್ಯೆ ......

ಗೆ,
ಕನ್ನಡ ಭಾಷಾ ಶಿಕ್ಷಕಿಯವರು
(ಶಾಲೆಯ ಹೆಸರು)

ಮಾನ್ಯರೇ,

ವಿಷಯ: ಘಟಕ ಪರೀಕ್ಷೆಯ 7ನೇ ಪ್ರಶ್ನೆಯಲ್ಲಿನ ವಿಭಕ್ತಿಯ ಬಗ್ಗೆ ಸ್ಪಷ್ಟನೆ ಕೋರಿ.

ಜುಲೈ ತಿಂಗಳ ಘಟಕ ಪರೀಕ್ಷೆಯ 7ನೇ ಪ್ರಶ್ನೆಯಲ್ಲಿ ‘ಕಾವೇರಿ ನದಿಯು ಬ್ರಹ್ಮಗಿರಿ ಬೆಟ್ಟದಿಂದ ಇಳಿದು ಭಾಗಮಂಡಲಕ್ಕೆ ಬರುತ್ತದೆ’ ಎಂಬ ವಾಕ್ಯದ ‘ಬೆಟ್ಟದಿಂದ’ ಎಂಬ ಪದದಲ್ಲಿರುವ ವಿಭಕ್ತಿಯನ್ನು ಹೆಸರಿಸಲು ಕೇಳಲಾಗಿತ್ತು. ನಾನು ‘ತೃತೀಯಾ’ ಎಂದು ಬರೆದಿದ್ದೆ. ಸರಿಯುತ್ತರ ‘ಪಂಚಮೀ’ ಎಂದು ತಿದ್ದಲಾಗಿದೆ. ಈ ಬಗ್ಗೆ ನನಗೆ ಒಂದು ಸಂದೇಹ ಉಳಿದಿದೆ.

ನಮ್ಮ ಪಠ್ಯಪುಸ್ತಕದ ...... ನೇ ಪುಟದ ಪಟ್ಟಿಯಲ್ಲಿ ‘ಇಂದ’ ತೃತೀಯಾ ವಿಭಕ್ತಿಯಲ್ಲಿಯೂ ‘ದೆಸೆಯಿಂದ’ ಪಂಚಮೀ ವಿಭಕ್ತಿಯಲ್ಲಿಯೂ ಇದೆ. ಪದದಲ್ಲಿ ‘ಇಂದ’ ಇರುವುದನ್ನು ನೋಡಿ ನಾನು ಉತ್ತರಿಸಿದೆ. ಆದರೆ ನದಿಯು ಬೆಟ್ಟವನ್ನು ಬಿಟ್ಟು ಬರುವುದರಿಂದ ಅರ್ಥ ಅಪಾದಾನದ್ದು ಎಂದೂ, ಪಂಚಮಿಯ ಕಡೆ ತೃತೀಯೆಯ ಪ್ರತ್ಯಯ ಬಂದಿದೆ ಎಂದೂ ಈಗ ತೋರುತ್ತಿದೆ.

ಇಂಥ ಪ್ರಶ್ನೆಗಳಲ್ಲಿ ಪ್ರತ್ಯಯವನ್ನು ನೋಡಿ ಉತ್ತರಿಸಬೇಕೋ ಅರ್ಥವನ್ನು ನೋಡಿ ಉತ್ತರಿಸಬೇಕೋ ಎಂಬುದನ್ನು ತಾವು ಬಿಡುವಾದಾಗ ದಯವಿಟ್ಟು ತಿಳಿಸಿಕೊಡಬೇಕು. ಎರಡು ಉತ್ತರಗಳನ್ನೂ ಒಪ್ಪಲು ಅವಕಾಶವಿದ್ದರೆ ನನ್ನ ಉತ್ತರವನ್ನು ಪರಿಶೀಲಿಸಬೇಕಾಗಿ ವಿನಂತಿ.

ವಂದನೆಗಳೊಂದಿಗೆ,

ತಮ್ಮ ವಿಧೇಯ ವಿದ್ಯಾರ್ಥಿನಿ
(ಸಹಿ)

ಲಗತ್ತು: ಉತ್ತರಪತ್ರಿಕೆ

ಈ ಪತ್ರದಲ್ಲಿ ‘ತಪ್ಪು’ ಎಂಬ ಪದ ಎಲ್ಲೂ ಬಂದಿಲ್ಲ ಎನ್ನುವುದನ್ನು ಗಮನಿಸಿ. ವಿದ್ಯಾರ್ಥಿನಿ ತನ್ನ ಉತ್ತರವನ್ನು ಬಿಟ್ಟುಕೊಟ್ಟೂ ಇಲ್ಲ. ವಿಷಯದ ಸಾಲಿನಲ್ಲಿ ‘ಅಂಕ’ ಎಂದಿಲ್ಲ, ‘ಸ್ಪಷ್ಟನೆ’ ಎಂದಿದೆ. ಮಡಚಿದ ಪತ್ರ ಬಿಡಿಸಿದಾಗ ಮೊದಲು ಕಣ್ಣಿಗೆ ಬೀಳುವುದು ಆ ಸಾಲು, ಅಲ್ಲಿ ‘ಅಂಕ ನೀಡುವ ಕುರಿತು’ ಎಂದಿದ್ದರೆ ಕೆಳಗಿನ ನಯವೆಲ್ಲ ನೀರಿಗೆ ಹೋಗುತ್ತದೆ.

ಬೇರೆ ತಗಾದೆಗೂ ಪ್ರಶ್ನೆ, ಆಧಾರ, ಸಂದೇಹದ ಸಾಲುಗಳನ್ನು ಬದಲಾಯಿಸಿ ಇದೇ ಅಚ್ಚನ್ನು ಬಳಸಬಹುದು. ‘ಪೀತಾಂಬರ’ಕ್ಕೆ ಕರ್ಮಧಾರಯವೋ ಬಹುವ್ರೀಹಿಯೋ ಎಂಬುದು ವಿಗ್ರಹವಾಕ್ಯದ ಮೇಲೆ ನಿಲ್ಲುತ್ತದೆ. ಪೀತವಾದ ಅಂಬರ ಎಂದು ಬಿಡಿಸಿದರೆ ಬಟ್ಟೆ, ಪೀತವಾದ ಅಂಬರವನ್ನು ಉಳ್ಳವನು ಎಂದು ಬಿಡಿಸಿದರೆ ವಿಷ್ಣು. ಪ್ರಶ್ನೆಪತ್ರಿಕೆಯಲ್ಲಿ ಪದವನ್ನು ಒಂಟಿಯಾಗಿ ಕೊಟ್ಟಿದ್ದರೆ ‘ಯಾವ ವಿಗ್ರಹವನ್ನು ಹಿಡಿಯಬೇಕಿತ್ತು’ ಎಂದು ಕೇಳಬಹುದು. ವಾಕ್ಯದೊಳಗೆ ಕೊಟ್ಟಿದ್ದರೆ ಆ ವಾಕ್ಯವೇ ತೀರ್ಮಾನ ಹೇಳಿರುತ್ತದೆ, ಅಲ್ಲಿ ಪತ್ರ ನಿಲ್ಲುವುದಿಲ್ಲ.

ಯಾವಾಗ, ಹೇಗೆ ಕೊಡುವುದು

ಉತ್ತರಪತ್ರಿಕೆ ಕೊಟ್ಟ ದಿನವೇ ಬೇಡ, ಒಂದು ವಾರ ಬಿಟ್ಟೂ ಬೇಡ. ಅಂಕಗಳನ್ನು ರಿಜಿಸ್ಟರಿಗೆ ಏರಿಸಿದ ಮೇಲೆ ತಿದ್ದುವುದು ಶಿಕ್ಷಕರಿಗೂ ಕಿರಿಕಿರಿ. ಪಾಲಕರ ಸಹಿಗೆಂದು ಉತ್ತರಪತ್ರಿಕೆ ಮನೆಗೆ ಬಂದಿದ್ದರೆ, ಸಹಿ ಹಾಕಿಸಿ ವಾಪಸು ಕೊಡುವ ದಿನ ಪತ್ರವನ್ನೂ ಕೊಡುವುದು ಸರಿಯಾದ ಹೊತ್ತು. ಪತ್ರಕ್ಕೆ ಅಪ್ಪ ಅಮ್ಮನ ಸಹಿ ಬೇಡ. ಅದು ಬಿದ್ದರೆ ವಿದ್ಯಾರ್ಥಿಯ ಸಂದೇಹ ಮನೆಯವರ ದೂರಾಗಿ ಕಾಣುತ್ತದೆ.

ಜುಲೈ ಆಗಸ್ಟ್ ತಿಂಗಳ ಕೊಡಗಿನಲ್ಲಿ ಎರಡು ತೊಂದರೆ. ಒಂದು, ಜಿಲ್ಲಾಡಳಿತ ಮಳೆಗೆಂದು ರಜೆ ಕೊಟ್ಟರೆ ಪತ್ರ ಬ್ಯಾಗಿನಲ್ಲೇ ಎರಡು ಮೂರು ದಿನ ಉಳಿಯುತ್ತದೆ. ಹಾಗಾಗಿ ದಿನಾಂಕವನ್ನು ಕೊಡುವ ದಿನ ಬೆಳಿಗ್ಗೆ ಹಾಕಿ. ಎರಡು, ತೇವ. ಜೆಲ್ ಪೆನ್ನಿನ ಶಾಯಿ ಥಂಡಿ ಹಿಡಿದ ಹಾಳೆಯಲ್ಲಿ ಹರಡಿ ‘ತೃ’ ಯಾವುದು ‘ದ್ವಿ’ ಯಾವುದು ತಿಳಿಯದಂತಾಗುತ್ತದೆ. ಬಾಲ್ ಪೆನ್ನಿನಲ್ಲಿ ಬರೆದು, ಉತ್ತರಪತ್ರಿಕೆಯ ಜೊತೆ ಪ್ಲಾಸ್ಟಿಕ್ ಫೈಲಿನಲ್ಲಿ ಇಡಿ.

ಕೊಡುವುದು ಕೈಗೇ, ಸ್ಟಾಫ್ ರೂಮಿನ ಬಾಗಿಲಲ್ಲಿ, ಮಧ್ಯಾಹ್ನದ ಊಟದ ಬಿಡುವು ಮುಗಿಯುವ ಹೊತ್ತಿಗೆ ಅಥವಾ ಸಂಜೆ ಬೆಲ್ಲಿಗೆ ಮೊದಲು. ‘ಮೇಡಂ, 7ನೇ ಪ್ರಶ್ನೆಯಲ್ಲಿ ಒಂದು ಡೌಟ್ ಇತ್ತು, ಬರೆದು ತಂದಿದ್ದೇನೆ, ಬಿಡುವಾದಾಗ ನೋಡಿ’ ಎಂದಷ್ಟೇ ಹೇಳಿ ಬನ್ನಿ. ಅಲ್ಲೇ ನಿಂತು ಓದಿಸಬೇಡಿ. ತರಗತಿಯ ವಾಟ್ಸಾಪ್ ಗುಂಪಿಗೆ ಫೋಟೊ ತೆಗೆದು ಹಾಕುವುದಂತೂ ಬೇಡವೇ ಬೇಡ. ಗುಂಪಿನಲ್ಲಿ ಪಾಲಕರೂ ಇರುತ್ತಾರೆ, ಒಬ್ಬರು ಹೆಬ್ಬೆರಳು ಎತ್ತಿದರೆ ಸಾಕು, ಮೇಡಂಗೆ ಉತ್ತರ ಬದಲಿಸುವುದು ಮಾನದ ಪ್ರಶ್ನೆಯಾಗುತ್ತದೆ.

ಹತ್ತು ಮಂದಿಗೆ ಇದೇ ಅಂಕ ಹೋಗಿದ್ದರೂ ಹತ್ತು ಸಹಿಯ ಒಂದು ಪತ್ರಕ್ಕಿಂತ ಒಬ್ಬರ ಒಂದು ಪತ್ರ ಒಳ್ಳೆಯದು. ಸಹಿ ಹೆಚ್ಚಿದಷ್ಟೂ ಅದು ಒತ್ತಾಯದಂತೆ ಕಾಣುತ್ತದೆ. ಉತ್ತರ ಬದಲಾದರೆ ಅದು ಎಲ್ಲರಿಗೂ ಅನ್ವಯಿಸುತ್ತದೆ ಎನ್ನುವುದು ಶಿಕ್ಷಕರಿಗೆ ಗೊತ್ತಿರುತ್ತದೆ. ಇನ್ನು ಎಸ್ಎಸ್ಎಲ್‌ಸಿ ಪಬ್ಲಿಕ್ ಪರೀಕ್ಷೆಗೆ ಈ ಪತ್ರ ನಡೆಯುವುದಿಲ್ಲ. ಅಲ್ಲಿ ಉತ್ತರಪತ್ರಿಕೆಯ ಪ್ರತಿ ಪಡೆಯುವುದು, ಮರುಎಣಿಕೆ, ಮರುಮೌಲ್ಯಮಾಪನ ಎಂಬ ಬೇರೆ ದಾರಿಗಳಿವೆ, ಶುಲ್ಕವೂ ಗಡುವೂ ಇರುತ್ತದೆ.

ಉತ್ತರ ಬಂದ ಮೇಲೆ

ಮೇಡಂ ಎರಡನ್ನೂ ಒಪ್ಪಿದರೆ ಅದನ್ನು ತರಗತಿಗೆ ಹೇಳುವುದು ಅವರಿಗೆ ಬಿಟ್ಟದ್ದು. ನೀವು ಮೊದಲೇ ಸಾರಿಕೊಂಡು ಬರಬೇಡಿ. ಅಂಕ ತಿದ್ದಿದ ಕಡೆ ಅವರ ಚಿಕ್ಕ ಸಹಿ ಇದೆಯೇ, ಮೊತ್ತವೂ ಬದಲಾಗಿದೆಯೇ ಎಂದು ನೋಡಿಕೊಳ್ಳಿ. ಪ್ರಶ್ನೆಯ ಪಕ್ಕದಲ್ಲಿ ಅಂಕ ಬಂದು ಮೊತ್ತ ಹಳೆಯದೇ ಉಳಿಯುವುದು ಆಗಾಗ ಆಗುತ್ತದೆ.

‘ಅರ್ಥವನ್ನೇ ನೋಡಬೇಕು, ಪಂಚಮಿಯೇ ಸರಿ’ ಎಂದರೆ ಅಲ್ಲಿಗೆ ನಿಲ್ಲಿಸಿ. ಎರಡನೆಯ ಪತ್ರ ಬರೆಯಬೇಡಿ, ಮುಖ್ಯೋಪಾಧ್ಯಾಯರ ಹತ್ತಿರವೂ ಹೋಗಬೇಡಿ. ಅವರ ಓದಿಗೂ ಆಧಾರ ಇದೆ ಎಂದು ನೀವೇ ಪತ್ರದಲ್ಲಿ ಬರೆದಿದ್ದೀರಿ. ಒಂದೇ ಒಂದು ಪ್ರಶ್ನೆ ಕೇಳಬಹುದು: ‘ಹಾಗಾದರೆ ಮುಂದಿನ ಪರೀಕ್ಷೆಯಲ್ಲಿ ಇಂದ ಬಂದರೆ ಅಗಲಿಕೆ ಇದೆಯೇ ಎಂದು ನೋಡಿಯೇ ಬರೆಯಬೇಕಲ್ಲವೇ ಮೇಡಂ?’ ಅವರು ಹೌದು ಎಂದರೆ ಆ ನಿಯಮವನ್ನು ದಿನಾಂಕದ ಸಮೇತ ಟಿಪ್ಪಣಿ ಪುಸ್ತಕದ ವಿಭಕ್ತಿ ಪಟ್ಟಿಯ ಕೆಳಗೇ ಬರೆದಿಡಿ. ಮುಂದಿನ ಸಲ ‘ಕೋಲಿನಿಂದ’ ಎಂಬಲ್ಲಿ ತೃತೀಯಾ ಎಂದೂ ‘ಗಿಡದಿಂದ’ ಎಂಬಲ್ಲಿ ಪಂಚಮೀ ಎಂದೂ ಬರೆದವರಿಗೆ ಅಂಕ ಸಿಗಬೇಕು, ಆ ನಿಯಮವೇ ಅದನ್ನು ಹೇಳುತ್ತದೆ.

ವಾರ ಕಳೆದರೂ ಉತ್ತರ ಬಾರದಿದ್ದರೆ ಮೇಡಂ ಮರೆತಿರುತ್ತಾರೆ, ಅಥವಾ ಪತ್ರ ಬೇರೆ ಉತ್ತರಪತ್ರಿಕೆಗಳ ನಡುವೆ ಸೇರಿರುತ್ತದೆ. ‘ಆ ಡೌಟ್ ನೋಡಲು ಸಮಯ ಆಯಿತಾ ಮೇಡಂ?’ ಎಂದು ಒಂದು ಸಲ ನೆನಪಿಸಿ.

ಇನ್ನು ಮುಂದಿನ ಪರೀಕ್ಷೆಯ ಹಾಳೆಯಲ್ಲೇ ಮಾಡಬಹುದಾದದ್ದು ಒಂದಿದೆ. ಉತ್ತರಕ್ಕೆ ಒಂದು ಸಾಲು ಜಾಗ ಇದ್ದರೆ ಒಂದೇ ಪದ ಬರೆದು ಬಿಡಬೇಡಿ. ‘ಪ್ರತ್ಯಯ ಇಂದ, ತೃತೀಯಾ, ಇಲ್ಲಿ ಪಂಚಮಿಯ ಅರ್ಥದಲ್ಲಿ ಬಂದಿದೆ (ಅಪಾದಾನ)’ ಎಂದು ಬರೆಯಿರಿ. ಯಾವ ದಾರಿಯಿಂದ ನೋಡಿದರೂ ಆ ಉತ್ತರವನ್ನು ಹೊಡೆಯುವುದು ಕಷ್ಟ. ನಾಲ್ಕು ಆಯ್ಕೆ ಕೊಟ್ಟು ಒಂದನ್ನು ಆರಿಸಲು ಹೇಳಿದ ಪ್ರಶ್ನೆಯಲ್ಲಿ ಇದಕ್ಕೆ ಅವಕಾಶ ಇಲ್ಲ. ಅಲ್ಲಿ ತೃತೀಯಾ, ಪಂಚಮೀ ಎರಡೂ ಆಯ್ಕೆಗಳಾಗಿ ಕಂಡರೆ ವಾಕ್ಯದಲ್ಲಿ ಅಗಲಿಕೆ ಇದೆಯೇ ಎಂದು ನೋಡಿ, ನಿಮ್ಮ ಶಿಕ್ಷಕರು ಹೇಳಿದ ನಿಯಮದಂತೆ ಗುರುತು ಹಾಕಿ.